ಗ್ಲಾರಸ್ ಪರ್ವತದ ಛೇದಚಿತ್ರ: ಸ್ತರಗಳ ವಯೋಕ್ರಮವನ್ನು ಕುರಿತ ಒಂದು ವಿವಾದದ ಇತಿಹಾಸ

ಭೂವಿಜ್ಞಾನದ ಮೊದಲ ಪಾಠಗಳಲ್ಲಿ ವಿದ್ಯಾರ್ಥಿಯ ಕೈಗೆ ಒಂದು ಛೇದಚಿತ್ರವನ್ನು ಕೊಟ್ಟು, ಇದರಲ್ಲಿ ಅತ್ಯಂತ ಹಳೆಯ ಸ್ತರ ಯಾವುದೆಂದು ಕೇಳುವುದು ವಾಡಿಕೆ. ಅತ್ಯಂತ ಕೆಳಗಿರುವುದೇ ಹಳೆಯದು ಎಂದು ಅವನು ಉತ್ತರಿಸುತ್ತಾನೆ. ಬಹುಮಟ್ಟಿಗೆ ಆ ಉತ್ತರ ಸರಿಯಾಗಿಯೇ ಇರುತ್ತದೆ. ಆದರೆ ಸ್ವಿಟ್ಜರ್ಲೆಂಡಿನ ಪೂರ್ವಭಾಗದ ಗ್ಲಾರಸ್ ಪ್ರಾಂತದಲ್ಲಿ ಈ ಸರಳವಾದ ಉತ್ತರವು ಸುಮಾರು ನೂರು ವರ್ಷಗಳ ಕಾಲ ಯೂರೋಪಿನ ಶ್ರೇಷ್ಠ ವಿದ್ವಾಂಸರನ್ನು ದಾರಿ ತಪ್ಪಿಸಿತು. ಒಂದೇ ಪರ್ವತವನ್ನು ಕಂಡು, ಒಂದೇ ಬಗೆಯ ಅಳತೆಗಳನ್ನು ತೆಗೆದು, ಅವರು ಪರಸ್ಪರ ವಿರುದ್ಧವಾದ ಛೇದಚಿತ್ರಗಳನ್ನು ಬರೆದರು. ಆ ಚಿತ್ರಗಳು ಏಕೆ ಬೇರೆಯಾದವು, ಕೊನೆಗೆ ಯಾವುದು ನಿಂತಿತು, ನಿಂತುದಕ್ಕೆ ಕಾರಣವೇನು ಎಂಬುದನ್ನು ಈ ಪ್ರಬಂಧದಲ್ಲಿ ನಾವು ಪರಿಶೀಲಿಸುತ್ತೇವೆ.

ಛೇದಚಿತ್ರವೆಂದರೇನೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಹಲಸಿನ ಹಣ್ಣನ್ನು ಕತ್ತಿಯಿಂದ ಸೀಳಿ ಒಳಗನ್ನು ನೋಡುವಂತೆ ನೆಲವನ್ನು ಸೀಳಿ ನೋಡಲು ಯಾರಿಗೂ ಸಾಧ್ಯವಿಲ್ಲ. ಭೂವಿಜ್ಞಾನಿಯು ನಕ್ಷೆಯ ಮೇಲೆ ಒಂದು ಗೆರೆಯನ್ನು ಆರಿಸಿಕೊಂಡು, ಆ ಗೆರೆಯುದ್ದಕ್ಕೂ ನೆಲದ ಏರುತಗ್ಗುಗಳನ್ನು ಬರೆಯುತ್ತಾನೆ. ಯಾವ ಎಡೆಯಲ್ಲಿ ಯಾವ ಕಲ್ಲು ಹೊರಗೆ ಕಾಣುತ್ತದೆ, ಅದರ ಪದರಗಳು ಯಾವ ದಿಕ್ಕಿಗೆ ಎಷ್ಟು ಡಿಗ್ರಿ ವಾಲಿವೆ ಎಂಬುದನ್ನು ಅಲ್ಲಲ್ಲಿ ಗುರುತಿಸುತ್ತಾನೆ. ಇಷ್ಟು ಮಾತ್ರ ಅವನು ಕಣ್ಣಾರೆ ಕಂಡುದು. ಅಲ್ಲಿಂದ ಕೆಳಕ್ಕೆ, ನೆಲದೊಳಗೆ ಆ ಪದರಗಳು ಹೇಗೆ ಮುಂದುವರಿದಿವೆ ಎಂಬುದೂ, ಮಳೆ ಹಿಮಗಳು ಕೊರೆದು ಒಯ್ಯುವ ಮೊದಲು ಶಿಖರದ ಮೇಲಣ ಆಕಾಶದಲ್ಲಿ ಅವು ಹೇಗೆ ಬಾಗಿ ಹೋಗಿದ್ದವು ಎಂಬುದೂ ಅವನ ಊಹೆ. ಊಹೆಯನ್ನು ಚುಕ್ಕಿಗೆರೆಯಿಂದ ತೋರಿಸುವುದು ಪದ್ಧತಿ. ಆದರೆ ಚಿತ್ರವು ಅಚ್ಚಾಗಿ ಪಠ್ಯಪುಸ್ತಕಕ್ಕೆ ಬಂದಾಗ ಚುಕ್ಕಿಗೆರೆಗಳೆಷ್ಟೋ ಪೂರ್ಣಗೆರೆಗಳಾಗಿಬಿಡುತ್ತವೆ. ಓದುಗನಿಗೆ ಕಂಡುದು ಯಾವುದು, ಕಲ್ಪಿಸಿದುದು ಯಾವುದು ಎಂಬ ಭೇದವೇ ಅಳಿಸಿಹೋಗುತ್ತದೆ.

ಚಿತ್ರದ ಅಳತೆಯೂ ಮೋಸಮಾಡಬಲ್ಲದು. ಹಲವು ಮೈಲಿಗಳ ಉದ್ದವನ್ನು ಒಂದು ಪುಟದಲ್ಲಿ ಅಡಗಿಸಬೇಕಾದಾಗ, ಬೆಟ್ಟಗಳು ತೀರ ಚಪ್ಪಟೆಯಾಗಿ ಕಾಣಬಾರದೆಂದು ಎತ್ತರವನ್ನು ಇಮ್ಮಡಿಯಾಗಿಯೋ ಮುಮ್ಮಡಿಯಾಗಿಯೋ ಹಿಗ್ಗಿಸುವುದುಂಟು. ಎತ್ತರವನ್ನು ಇಮ್ಮಡಿಸಿದರೆ, ನಿಜವಾಗಿ 20 ಡಿಗ್ರಿ ವಾಲಿರುವ ಪದರವು ಚಿತ್ರದಲ್ಲಿ 36 ಡಿಗ್ರಿ ವಾಲಿದಂತೆ ಕಾಣುತ್ತದೆ. ಆದುದರಿಂದ ಸ್ತರಗಳ ಕಡೆಗೆ ತಿರುಗುವ ಮೊದಲು ಅಂಚಿನಲ್ಲಿರುವ ಎರಡು ಅಳತೆಗೋಲುಗಳನ್ನು ನೋಡುವುದು ಅವಶ್ಯ. ಅನೇಕ ವಿದ್ಯಾರ್ಥಿಗಳು ಅದನ್ನು ಅಲಂಕಾರವೆಂದು ಭಾವಿಸಿ ಬಿಟ್ಟುಬಿಡುತ್ತಾರೆ.

ಕೆಳಗಿನದು ಹಳೆಯದು ಎಂಬ ನಿಯಮವನ್ನು ಶಾಸ್ತ್ರೀಯವಾಗಿ ಮೊದಲು ಹೇಳಿದವನು ಡೆನ್ಮಾರ್ಕಿನ ನಿಕೋಲಸ್ ಸ್ಟೆನೊ. ಫ್ಲಾರೆನ್ಸಿನ ರಾಜಾಶ್ರಯದಲ್ಲಿದ್ದ ಅವನು 1669ರಲ್ಲಿ ಪ್ರಕಟಿಸಿದ ಲ್ಯಾಟಿನ್ ಗ್ರಂಥದಲ್ಲಿ ಟಸ್ಕನಿಯ ನೆಲದ ಚರಿತ್ರೆಯನ್ನು ಆರು ಸಣ್ಣ ಛೇದಚಿತ್ರಗಳ ಮೂಲಕ ತೋರಿಸಿದನು. ಅವನ ತರ್ಕವನ್ನು ಗಮನವಿಟ್ಟು ಓದಬೇಕು. ಒಂದು ಪದರವು ನೀರಿನಡಿಯಲ್ಲಿ ನೆಲೆಗೊಳ್ಳುವಾಗ ಅದರ ಕೆಳಗೆ ಆಧಾರವಾಗಿ ಗಟ್ಟಿಯಾದುದೊಂದು ಇದ್ದೇ ಇರಬೇಕು. ಅದರ ಮೇಲೆ ನೀರಲ್ಲದೆ ಬೇರೇನೂ ಇರಲಾರದು. ಆದುದರಿಂದ ಕೆಳಗಿನದು ಮೊದಲಿನದು. ಪದರವು ಮೂಲತಃ ಸಮತಲವಾಗಿ ಹರಡುತ್ತದೆಂದೂ, ಅದು ಈಗ ಓರೆಯಾಗಿದ್ದರೆ ಅನಂತರ ಏನೋ ಸಂಭವಿಸಿದೆಯೆಂದೂ ಅವನು ಹೇಳಿದನು. ಎಂದರೆ ಸ್ಟೆನೊವಿನ ನಿಯಮವು ಸ್ತರವು ಹುಟ್ಟಿದ ಕಾಲಕ್ಕೆ ಸೇರಿದುದೇ ಹೊರತು ನಾವು ಅದನ್ನು ನೋಡುವ ಕಾಲಕ್ಕೆ ಸೇರಿದುದಲ್ಲ. ಇವೆರಡು ಕಾಲಗಳ ನಡುವೆ ನೆಲವು ಮಡಿಚಿಕೊಂಡಿರಬಹುದು, ಒಡೆದು ಜಾರಿರಬಹುದು. ಹುಟ್ಟಿದಾಗಿನ ಮೇಲು ಕೆಳಗುಗಳೇ ಈಗಲೂ ಉಳಿದಿವೆಯೆಂದು ತೋರಿಸಿದ ಮೇಲೆ ಮಾತ್ರ ನಿಯಮವನ್ನು ಅನ್ವಯಿಸಲು ನಮಗೆ ಅಧಿಕಾರ ಬರುತ್ತದೆ. ಗ್ಲಾರಸ್ಸಿನ ವಿವಾದವೆಲ್ಲವೂ ಈ ಒಂದು ಷರತ್ತಿನ ಸುತ್ತಲೇ ತಿರುಗಿತು.

ಗ್ಲಾರಸ್ ಪ್ರಾಂತವು ಲಿಂಟ್ ನದಿಯ ಮೇಲಣ ಕಣಿವೆ. ಉತ್ತರಕ್ಕೆ ವಾಲೆನ್ ಸರೋವರ, ದಕ್ಷಿಣಕ್ಕೆ ರೈನ್ ನದಿಯ ಮೇಲ್ಕಣಿವೆ. ಇವೆರಡರ ನಡುವೆ ಮೂರು ಸಾವಿರ ಮೀಟರಿಗೂ ಮೀರಿದ ಶಿಖರಗಳು. ಆ ಶಿಖರಗಳ ಮೈಯಲ್ಲಿ ಚಾಕುವಿನಿಂದ ಗೀರಿದಂತೆ ಒಂದು ಗೆರೆ ಮೈಲಿಗಟ್ಟಲೆ ಓಡುತ್ತದೆ. ಗೆರೆಯ ಮೇಲೆ ಹಸಿರು ಮತ್ತು ಕೆಂಪು ಛಾಯೆಯ ಗಡುಸಾದ ಕಲ್ಲು. ಇದನ್ನು ಅಲ್ಲಿಯವರು ವೆರುಕಾನೊ ಎನ್ನುತ್ತಾರೆ. ಗೆರೆಯ ಕೆಳಗೆ ಕಂದುಬೂದು ಬಣ್ಣದ, ಸುಲಭವಾಗಿ ಸವೆಯುವ ಜೇಡಿಕಲ್ಲು ಮರಳುಗಲ್ಲುಗಳ ಸರಣಿ. ಇದಕ್ಕೆ ಫ್ಲಿಶ್ ಎಂದು ಹೆಸರು. ಎಲ್ಮ್ ಎಂಬ ಹಳ್ಳಿಯ ಮೇಲೆ ಈ ಗೆರೆಯ ಸಮೀಪದಲ್ಲಿಯೇ ಬೆಟ್ಟದ ಗೋಡೆಯಲ್ಲಿ ಮಾರ್ಟಿನ್ಸ್‌ಲೋಖ್ ಎಂಬ ದೊಡ್ಡ ರಂಧ್ರವಿದೆ. ವರ್ಷಕ್ಕೆ ಎರಡು ಸಲ, ವಸಂತದ ಮೊದಲಲ್ಲಿ ಮತ್ತು ಶರತ್ಕಾಲದಲ್ಲಿ, ಬೆಳಗಿನ ಸೂರ್ಯನ ಕಿರಣವು ಅದರ ಮೂಲಕ ತೂರಿಬಂದು ಹಳ್ಳಿಯ ಚರ್ಚಿನ ಮೇಲೆ ಬೀಳುತ್ತದೆ. ಹಳ್ಳಿಗರಿಗೆ ಆ ರಂಧ್ರವೇ ವಿಸ್ಮಯ, ವಿದ್ವಾಂಸರಿಗೆ ಗೆರೆ.

ಕೆಳಗಿರುವ ಫ್ಲಿಶ್ ಎಷ್ಟು ಹಳೆಯದು? ಕೇವಲ ನೋಟದಿಂದ ಹೇಳುವುದಾದರೆ ಅದನ್ನು ಬಹು ಪ್ರಾಚೀನವೆನ್ನಬೇಕು. ಎಂಗಿ ಮತ್ತು ಎಲ್ಮ್ ಹಳ್ಳಿಗಳ ಬಳಿ ಅದು ಕಪ್ಪಾದ ಹಾಳೆಹಾಳೆಯ ಕಲ್ಲಾಗಿದೆ. ಶಾಲೆಯ ಮಕ್ಕಳು ಬರೆಯುವ ಸ್ಲೇಟುಗಳಿಗಾಗಿ ಅದನ್ನು ಅಗೆದು ದೂರದೇಶಗಳಿಗೂ ಕಳುಹಿಸುತ್ತಿದ್ದರು. ಆದರೆ ಅದೇ ಗಣಿಗಳಲ್ಲಿ ಮೀನುಗಳ ಪಳೆಯುಳಿಕೆಗಳು ಹೇರಳವಾಗಿ ದೊರೆತವು. ಲೂಯಿ ಅಗಾಸಿ ಮೊದಲಾದ ಪ್ರಾಣಿಶಾಸ್ತ್ರಜ್ಞರು ಅವನ್ನು ಪರೀಕ್ಷಿಸಿದರು. ಫ್ಲಿಶ್‌ನ ಬೇರೆ ಪದರಗಳಲ್ಲಿ ನಾಣ್ಯದಾಕಾರದ ನಮ್ಯುಲೈಟ್ ಎಂಬ ಸಾಗರಜೀವಿಯ ಚಿಪ್ಪುಗಳು ಸಿಕ್ಕಿದವು. ಈ ನಮ್ಯುಲೈಟುಗಳು ಯಾವ ಕಾಲದವೆಂಬುದು ಬೇರೆ ಪ್ರದೇಶಗಳ ಅಲುಗಾಡದ ಸ್ತರಗಳಿಂದ ನಿಶ್ಚಿತವಾಗಿದ್ದುದರಿಂದ, ಫ್ಲಿಶ್ ಬಹಳ ಇತ್ತೀಚಿನದೆಂದು ಒಪ್ಪಲೇಬೇಕಾಯಿತು. ಇಂದಿನ ಲೆಕ್ಕದಲ್ಲಿ ಅದರ ವಯಸ್ಸು ಸುಮಾರು 3.5 ರಿಂದ 5 ಕೋಟಿ ವರ್ಷ. ಕಲ್ಲಿನ ಕಪ್ಪಾಗಲಿ ಗಡುಸಾಗಲಿ ಅದು ಅನುಭವಿಸಿದ ಒತ್ತಡವನ್ನು ಹೇಳುತ್ತದೆ, ಅದರ ಹುಟ್ಟಿನ ವರ್ಷವನ್ನಲ್ಲ.

ಮೇಲಿನ ವೆರುಕಾನೊದಲ್ಲಿ ಇಂಥ ಅನುಕೂಲವಿರಲಿಲ್ಲ. ಪಳೆಯುಳಿಕೆಗಳು ಅದರಲ್ಲಿ ಇಲ್ಲವೆನ್ನುವಷ್ಟು ವಿರಳ. ಆದರೆ ಉತ್ತರದ ಬೆಟ್ಟಗಳಲ್ಲಿ ಅದನ್ನು ಹಿಂಬಾಲಿಸಿದಾಗ, ವೆರುಕಾನೊದ ಮೇಲೆ ಟ್ರಯಾಸಿಕ್ ಯುಗದ ಕಲ್ಲು, ಅದರ ಮೇಲೆ ಜುರಾಸಿಕ್ ಯುಗದ ಸುಣ್ಣಕಲ್ಲು, ಹೀಗೆ ಕ್ರಮವಾಗಿ ಹೊಸಹೊಸ ಸ್ತರಗಳು ಕುಳಿತಿರುವುದು ಕಂಡಿತು. ಆದುದರಿಂದ ವೆರುಕಾನೊ ಟ್ರಯಾಸಿಕ್ಕಿಗಿಂತ ಹಳೆಯದು. ಅದು ಪರ್ಮಿಯನ್ ಯುಗದ್ದು, ಈಗಿನ ಲೆಕ್ಕದಲ್ಲಿ 25 ರಿಂದ 30 ಕೋಟಿ ವರ್ಷಗಳಷ್ಟು ಹಿಂದಿನದು. ಹೀಗೆ ಶಿಖರದ ತುದಿಯಲ್ಲಿ 25 ಕೋಟಿ ವರ್ಷದ ಕಲ್ಲು, ಅದರ ಪಾದದಡಿಯಲ್ಲಿ 5 ಕೋಟಿ ವರ್ಷಕ್ಕೆ ಮೀರದ ಕಲ್ಲು. ಮೊಮ್ಮಗನ ಹೆಗಲ ಮೇಲೆ ಮುತ್ತಜ್ಜ ಕುಳಿತಂತೆ.

ಈ ವಿಪರ್ಯಾಸವನ್ನು 1807ರಷ್ಟು ಹಿಂದೆಯೇ ಗಮನಿಸಿದವನು ಜೂರಿಚ್ಚಿನ ಹಾನ್ಸ್ ಕಾನ್ರಾಡ್ ಎಶರ್. ಆ ಕಾಲದ ಭೂವಿಜ್ಞಾನದಲ್ಲಿ ಅಗ್ರಗಣ್ಯನಾಗಿದ್ದ ಲಿಯೊಪೋಲ್ಡ್ ಫಾನ್ ಬುಖ್ ಅದನ್ನು ನಂಬಲಿಲ್ಲ. ಎಶರನ ಮಗ ಆರ್ನಾಲ್ಡ್ ಎಶರ್ ಫಾನ್ ಡೆರ್ ಲಿಂಟ್ ತಂದೆಯ ಕೆಲಸವನ್ನು ಕೈಗೆತ್ತಿಕೊಂಡು, ಕಣಿವೆ ಕಣಿವೆಗಳಲ್ಲಿ ನಡೆದು, ಗೆರೆಯು ಒಂದು ಬೆಟ್ಟದ ವಿಕಾರವಲ್ಲ, ಇಡೀ ಪ್ರಾಂತವನ್ನು ವ್ಯಾಪಿಸಿದ ಸಂಗತಿಯೆಂಬುದನ್ನು ಸ್ಥಾಪಿಸಿದನು. ಹಳೆಯ ಕಲ್ಲು ಹೊಸ ಕಲ್ಲಿನ ಮೇಲೆ ಮೈಲಿಗಟ್ಟಲೆ ಜಾರಿಬಂದು ಕುಳಿತಿರಬೇಕೆಂದು 1840ರ ದಶಕದಲ್ಲಿ ಅವನಿಗೆ ಹೊಳೆದಿತ್ತು. 1848ರಲ್ಲಿ ಇಂಗ್ಲೆಂಡಿನಿಂದ ಬಂದ ರೊಡೆರಿಕ್ ಮರ್ಚಿಸನ್ನನನ್ನು ಅವನು ಮಾರ್ಟಿನ್ಸ್‌ಲೋಖ್ ಬಳಿಯ ಕಣಿವೆದಾರಿಗೆ ಕರೆದೊಯ್ದು ಗೆರೆಯನ್ನು ತೋರಿಸಿದನು. ಸುಲಭವಾಗಿ ಒಪ್ಪುವವನಲ್ಲದ ಮರ್ಚಿಸನ್ ಕೂಡ ಇದೊಂದು ಬೃಹತ್ತಾದ ಸ್ಥಾನಪಲ್ಲಟವೆಂದು ಒಪ್ಪಿಕೊಂಡನು.

ಇಷ್ಟಾದರೂ ಎಶರ್ ಅದನ್ನು ಪ್ರಕಟಿಸಲು ಹಿಂಜರಿದನು. ಅಷ್ಟು ದೊಡ್ಡ ಶಿಲಾಫಲಕವು ಮುರಿಯದೆ ಅಷ್ಟು ದೂರ ಜಾರಿತೆಂದರೆ ಯಾರೂ ನಂಬಲಾರರು, ತನ್ನನ್ನು ಹುಚ್ಚರ ಆಸ್ಪತ್ರೆಗೆ ಸೇರಿಸಿಯಾರು ಎಂದು ಅವನು ಹೇಳುತ್ತಿದ್ದನಂತೆ. ಇದನ್ನು ಅವನ ಶಿಷ್ಯನಾದ ಆಲ್ಬರ್ಟ್ ಹೈಮನೇ ಮುಂದೆ ತಿಳಿಸಿದ್ದಾನೆ. ಜಾರಿಕೆಗೆ ಬದಲಾಗಿ ಎಶರ್ ಎರಡು ಮಡಿಕೆಗಳ ಛೇದಚಿತ್ರವನ್ನು ಮುಂದಿಟ್ಟನು. ಉತ್ತರದಿಂದ ಒಂದು ಮಡಿಕೆ ದಕ್ಷಿಣಕ್ಕೆ ಮಗುಚಿದೆ. ದಕ್ಷಿಣದಿಂದ ಇನ್ನೊಂದು ಉತ್ತರಕ್ಕೆ ಮಗುಚಿದೆ. ಇವೆರಡೂ ಎದುರುಬದುರಾಗಿ ಫ್ಲಿಶ್‌ನ ಮೇಲೆ ಮಲಗಿವೆ. 1872ರಲ್ಲಿ ಎಶರ್ ತೀರಿಕೊಂಡ ಮರುವರ್ಷ, ಇಪ್ಪತ್ತನಾಲ್ಕರ ಹರಯದಲ್ಲಿ ಅವನ ಪೀಠಕ್ಕೆ ಬಂದ ಹೈಮ್ ಆ ಚಿತ್ರವನ್ನು ಬೆಳೆಸಿದನು. ಅವನು ಅಸಾಧಾರಣ ಚಿತ್ರಕಾರ. ಪರ್ವತರಚನೆಯನ್ನು ಕುರಿತು 1878ರಲ್ಲಿ ಅವನು ಪ್ರಕಟಿಸಿದ ಮಹಾಗ್ರಂಥದಲ್ಲಿ ಗ್ಲಾರಸ್ಸಿನ ಜೋಡಿಮಡಿಕೆ ಎಷ್ಟು ಮನೋಹರವಾಗಿ ಮೂಡಿತೆಂದರೆ, ಅದನ್ನು ನೋಡಿದವರಿಗೆ ಅದು ಊಹೆಯೆಂಬುದೇ ಮರೆತುಹೋಗುವಂತಿತ್ತು.

ಈ ಚಿತ್ರವನ್ನು ಈಗ ನಾವು ವಿದ್ಯಾರ್ಥಿಗಳಂತೆ ಓದಿ ನೋಡೋಣ. ಕಂಬಳಿಯೊಂದನ್ನು ನೆಲದ ಮೇಲೆ ಹಾಸಿ ಎರಡು ಕಡೆಯಿಂದ ನೂಕಿದರೆ ನಡುವೆ ಅದು ಕಮಾನಿನಂತೆ ಏಳುತ್ತದೆ. ಕಮಾನಿನ ಎರಡು ಪಕ್ಕಗಳಲ್ಲಿಯೂ ಕಂಬಳಿಯ ಮೇಲ್ಮೈ ಮೇಲ್ಮೈಯಾಗಿಯೇ ಇರುತ್ತದೆ. ಕಮಾನಿನ ತಲೆಯನ್ನು ಕೊಯ್ದು ತೆಗೆದರೆ ನಡುವೆ ಕಾಣುವುದು ತಳದ, ಎಂದರೆ ಹಳೆಯ, ಪದರ. ಇನ್ನಷ್ಟು ನೂಕಿ ಆ ಕಮಾನನ್ನು ಒಂದು ಪಕ್ಕಕ್ಕೆ ಮಲಗಿಸಿದರೆ ಪರಿಸ್ಥಿತಿ ಬದಲಾಗುತ್ತದೆ. ಮೇಲಿನ ಪಕ್ಕದಲ್ಲಿ ಪದರಗಳ ಕ್ರಮ ಸಹಜವಾಗಿಯೇ ಇದೆ. ಕೆಳಗಿನ ಪಕ್ಕದಲ್ಲಿ ಮಾತ್ರ ಕಂಬಳಿ ಬೋರಲಾಗಿದೆ. ಮೇಲಿನಿಂದ ಕೆಳಕ್ಕೆ ಒಂದು ಬಾವಿ ತೋಡಿದರೆ, ಹೊಸದರಿಂದ ಹಳೆಯದಕ್ಕೆ ಇಳಿದು, ಮಡಿಕೆಯ ಗರ್ಭದಲ್ಲಿ ಅತ್ಯಂತ ಹಳೆಯದನ್ನು ಮುಟ್ಟಿ, ಮತ್ತೆ ಹಳೆಯದರಿಂದ ಹೊಸದಕ್ಕೆ ಇಳಿಯುತ್ತೇವೆ. ಮಲಗಿದ ಮಡಿಕೆಯ ಗುರುತೇ ಇದು: ಒಂದೇ ಸ್ತರಮಾಲೆ ಎರಡು ಸಲ, ಎರಡನೆಯ ಸಲ ತಲೆಕೆಳಗಾಗಿ.

ಗ್ಲಾರಸ್ಸಿನಲ್ಲಿ ಎಶರ್ ಮತ್ತು ಹೈಮರ ಚಿತ್ರ ನಿಜವಾಗಿದ್ದರೆ ಗರ್ಭದಲ್ಲಿರುವುದು ವೆರುಕಾನೊ. ಅದರಿಂದ ಕೆಳಕ್ಕಿಳಿದರೆ ಟ್ರಯಾಸಿಕ್, ಆಮೇಲೆ ಜುರಾಸಿಕ್ಕಿನ ಸುಣ್ಣಕಲ್ಲು, ಆಮೇಲೆ ಕ್ರಿಟೇಷಿಯಸ್ಸಿನ ಸುಣ್ಣಕಲ್ಲು, ಕೊನೆಗೆ ಫ್ಲಿಶ್, ಈ ತಲೆಕೆಳಗಾದ ಕ್ರಮದಲ್ಲಿ ಸ್ತರಗಳು ದೊರೆಯಬೇಕು. ವೆರುಕಾನೊದ ಮೇಲ್ಗಡೆ ಇವೇ ಸ್ತರಗಳು ನೂರಾರು ಮೀಟರ್ ದಪ್ಪವಾಗಿವೆ. ಕೆಳಗಡೆ ದೊರೆಯುವುದೇನು? ಶ್ವಾಂಡೆನ್ ಹಳ್ಳಿಯ ಹತ್ತಿರ ಲೋಖ್‌ಸೈಟೆ ಎಂಬ ಎಡೆಯಲ್ಲಿ ಆ ಗೆರೆಯು ಶಿಖರದಿಂದ ಇಳಿದಿಳಿದು ಕಣಿವೆಯ ಮಟ್ಟಕ್ಕೆ ಬಂದು, ನಿಂತವನ ಕೈಗೆ ಎಟುಕುವಂತಿದೆ. ಅಲ್ಲಿ ಮೇಲಿನ ವೆರುಕಾನೊವಿಗೂ ಕೆಳಗಿನ ಫ್ಲಿಶ್‌ಗೂ ನಡುವೆ ಇರುವುದು ಒಂದು ಮೊಳವೋ ಎರಡು ಮೊಳವೋ ದಪ್ಪದ, ಹಿಸುಕಿ ನಾದಿದಂತಿರುವ ಸುಣ್ಣಕಲ್ಲಿನ ಒಂದು ಪಟ್ಟಿ. ಬೋರಲಾದ ಪಕ್ಕವೆಂದರೆ ಇಷ್ಟೇ. ನೂರಾರು ಮೀಟರಿನ ಸ್ತರಮಾಲೆ ಒತ್ತಡದಿಂದ ಎಳೆಯಲ್ಪಟ್ಟು, ತೆಳುವಾಗಿ, ಇಷ್ಟಕ್ಕೆ ಇಳಿದಿದೆಯೆಂದು ಹೈಮ್ ವಾದಿಸಿದನು. ವಾದವು ಅಸಂಭವವೇನಲ್ಲ, ಮಡಿಕೆಗಳ ಕೆಳಪಕ್ಕಗಳು ತೆಳುವಾಗುವುದನ್ನು ಆಲ್ಪ್ಸ್ ಪರ್ವತದಲ್ಲಿ ಬೇರೆ ಕಡೆ ಕಾಣಬಹುದು. ಆದರೆ ಒಂದು ಸಿದ್ಧಾಂತಕ್ಕೆ ಬೇಕಾದ ಪ್ರಮಾಣವು ಎಲ್ಲೆಲ್ಲಿಯೂ ನಶಿಸಿಹೋಗಿದೆಯೆಂದು ಹೇಳಬೇಕಾಗಿ ಬಂದಾಗ ನಾವು ಸ್ವಲ್ಪ ನಿಂತು ಯೋಚಿಸಬೇಕು.

ಇನ್ನೊಂದು ಕೊರತೆಯೂ ಇತ್ತು. ಮಡಿಕೆಯೆಂದ ಮೇಲೆ ಅದು ತಿರುಗುವ ಮೂಲೆಯೊಂದಿರಬೇಕು. ಮೇಲಿನ ಪಕ್ಕವು ಬಾಗಿ ಕೆಳಗಿನ ಪಕ್ಕವಾಗುವ ಆ ತಿರುವನ್ನು ಎಲ್ಲಾದರೂ ತೋರಿಸಬೇಕು. ಹೈಮನ ಚಿತ್ರದಲ್ಲಿ ದೊಡ್ಡ ತಿರುವುಗಳೆಲ್ಲ ಒಂದೋ ಶಿಖರದ ಮೇಲಣ ಆಕಾಶದಲ್ಲಿದ್ದವು, ಇಲ್ಲವೆ ಕಣಿವೆಯ ತಳದಲ್ಲಿ ಹುದುಗಿದ್ದವು. ಉತ್ತರದ ಮಡಿಕೆಯಂತೂ ವೆರುಕಾನೊದಡಿಯಲ್ಲಿ ನೆಲದೊಳಗೆ ಮರೆಯಾಗುತ್ತಿತ್ತೇ ಹೊರತು ತಿರುಗಿದುದನ್ನು ಯಾರೂ ಕಂಡಿರಲಿಲ್ಲ. ಎಲ್ಲ ತಿರುವುಗಳೂ ಚುಕ್ಕಿಗೆರೆಯ ಭಾಗದಲ್ಲಿಯೇ ಬಿದ್ದಿದ್ದವು.

1884ರಲ್ಲಿ ಫ್ರಾನ್ಸಿನ ಮಾರ್ಸೆಲ್ ಬೆರ್ತ್ರಾಂ ಎಂಬ ಗಣಿ ಇಂಜಿನಿಯರು ಈ ಛೇದಚಿತ್ರವನ್ನು ತೆಗೆದುಕೊಂಡು ಬೇರೆ ರೀತಿಯಲ್ಲಿ ಓದಿದನು. ಅವನು ಗ್ಲಾರಸ್ಸಿಗೆ ಹೋಗಿರಲಿಲ್ಲ. ಹೈಮನ ಗ್ರಂಥವೇ ಅವನಿಗೆ ಆಧಾರ. ಆದರೆ ಉತ್ತರ ಫ್ರಾನ್ಸ್ ಮತ್ತು ಬೆಲ್ಜಿಯಮ್ಮಿನ ಕಲ್ಲಿದ್ದಲಿನ ಗಣಿಗಳ ರಚನೆಯನ್ನು ಅವನು ಬಲ್ಲವನಾಗಿದ್ದನು. ಅಲ್ಲಿ ಕಲ್ಲಿದ್ದಲಿಗಿಂತ ಹಳೆಯದಾದ ಕಲ್ಲನ್ನು ಕೊರೆದುಕೊಂಡು ಹೋದರೆ ಅದರ ಕೆಳಗೆ ಕಲ್ಲಿದ್ದಲು ಸಿಕ್ಕುತ್ತದೆ; ಹಳೆಯ ಕಲ್ಲು ದಕ್ಷಿಣದಿಂದ ಜಾರಿಬಂದು ಮೇಲೆ ಕುಳಿತಿದೆ. ನೆಲದೊಳಗಿನ ಸ್ಥಿತಿಯನ್ನು ಅಲ್ಲಿ ಊಹಿಸಬೇಕಾಗಿರಲಿಲ್ಲ, ಗಣಿಯ ಬಾವಿಗಳು ಮುಟ್ಟಿ ತೋರಿಸಿದ್ದವು. ಗ್ಲಾರಸ್ಸಿಗೂ ಇದನ್ನೇ ಅನ್ವಯಿಸಿ ಬೆರ್ತ್ರಾಂ ಹೇಳಿದುದಿಷ್ಟು: ಎರಡು ಮಡಿಕೆಗಳು ಎದುರುಬದುರಾಗಿ ಬಂದಿಲ್ಲ, ಒಂದೇ ಫಲಕವು ದಕ್ಷಿಣದಿಂದ ಉತ್ತರಕ್ಕೆ, ಇಡೀ ಪ್ರಾಂತವನ್ನು ದಾಟಿ ಬಂದಿದೆ, ನಡುವೆ ಕಾಣುವ ತೆರಪು ಎರಡು ಮಡಿಕೆಗಳ ಮೂಗುಗಳ ನಡುವಣ ಜಾಗವಲ್ಲ, ಒಂದೇ ಫಲಕವು ಸವೆದು ತೂತಾದ ಜಾಗ. ಹೈಮನು ಗುರುತಿಸಿದ್ದ ಒಂದು ಅಳತೆಯನ್ನೂ ಇದು ತಳ್ಳಿಹಾಕಲಿಲ್ಲ. ಚುಕ್ಕಿಗೆರೆಗಳನ್ನು ಮಾತ್ರ ಬದಲಾಯಿಸಿತು.

ಹೀಗೆ ಹಳೆಯ ಕಲ್ಲು ಹೊಸದರ ಮೇಲೆ ಹತ್ತಿ ಕುಳಿತ ಭಂಗವನ್ನು ನಾವು ಮೇಲ್ಜಾರಿಕೆ ಎಂದು ಕರೆಯೋಣ. ಸಾಮಾನ್ಯ ಸ್ತರಭಂಗದಲ್ಲಿ ನೆಲವು ಒಡೆದು ಒಂದು ಪಕ್ಕ ಕುಸಿಯುತ್ತದೆ. ಅಲ್ಲಿ ಸ್ತರಗಳು ತುಂಡಾಗುತ್ತವೆಯೇ ಹೊರತು ಅವುಗಳ ಕ್ರಮ ಕೆಡುವುದಿಲ್ಲ. ಮೇಲ್ಜಾರಿಕೆಯಲ್ಲಿ ಒಂದು ಸ್ತರಮಾಲೆಯ ಮೇಲೆ ಇನ್ನೊಂದು ಸ್ತರಮಾಲೆ ಇಡಿಯಾಗಿ ಬಂದು ಕೂರುತ್ತದೆ. ಇದಕ್ಕೂ ಮಲಗಿದ ಮಡಿಕೆಗೂ ಇರುವ ಭೇದವನ್ನು ಛೇದಚಿತ್ರದಲ್ಲಿ ಹೀಗೆ ಗುರುತಿಸಬಹುದು. ಮಡಿಕೆಯಲ್ಲಿ ಸ್ತರಮಾಲೆ ಎರಡನೆಯ ಸಲ ಬೋರಲಾಗಿ ಬರುತ್ತದೆ. ಮೇಲ್ಜಾರಿಕೆಯಲ್ಲಿ ಎರಡನೆಯ ಸಲವೂ ನೆಟ್ಟಗೆ ಬರುತ್ತದೆ.

ಈಗ ಗ್ಲಾರಸ್ಸಿನ ಚಿತ್ರದಲ್ಲಿ ಅತ್ಯಂತ ಹಳೆಯ ಸ್ತರ ಯಾವುದೆಂಬ ಪ್ರಶ್ನೆಗೆ ಬರೋಣ. ಮೊದಲು ಆ ಗೆರೆಯುದ್ದಕ್ಕೂ ಚಿತ್ರವನ್ನು ಕತ್ತರಿಯಿಂದ ಎರಡು ತುಂಡಾಗಿಸಿದಂತೆ ಭಾವಿಸಬೇಕು. ಮೇಲಿನ ತುಂಡಿನಲ್ಲಿ ಸ್ಟೆನೊವಿನ ನಿಯಮ ಸಲ್ಲುತ್ತದೆ: ತಳದಲ್ಲಿ ವೆರುಕಾನೊ, ಅದರ ಮೇಲೆ ಟ್ರಯಾಸಿಕ್, ಜುರಾಸಿಕ್, ಕ್ರಿಟೇಷಿಯಸ್. ಕೆಳಗಿನ ತುಂಡಿನಲ್ಲಿಯೂ ಸಲ್ಲುತ್ತದೆ: ಪೂರ್ವದ ಟಾಮಿನಾ ಕಣಿವೆಯಲ್ಲಿ ವೆಟ್ಟಿಸ್ ಹಳ್ಳಿಯ ಬಳಿ ನದಿಯು ಆಳವಾಗಿ ಕೊರೆದಿರುವುದರಿಂದ ಅತಿ ತಳದ ಸ್ಫಟಿಕಶಿಲೆ ಹೊರಗೆ ಕಾಣುತ್ತದೆ, ಅದರ ಮೇಲೆ ಟ್ರಯಾಸಿಕ್, ಜುರಾಸಿಕ್, ಕ್ರಿಟೇಷಿಯಸ್ ಸ್ತರಗಳು, ಅವುಗಳ ಮೇಲೆ ಫ್ಲಿಶ್. ಸಲ್ಲದಿರುವುದು ಒಂದು ತುಂಡಿನಿಂದ ಇನ್ನೊಂದಕ್ಕೆ ದಾಟುವಾಗ ಮಾತ್ರ. ದಾಟಲು ಸೇತುವೆಯಾಗುವುದು ಎರಡರಲ್ಲಿಯೂ ಇರುವ ಸಮಾನಸ್ತರ. ಜುರಾಸಿಕ್ಕಿನ ಸುಣ್ಣಕಲ್ಲು ಮೇಲೆಯೂ ಇದೆ, ಕೆಳಗೂ ಇದೆ. ಅವೆರಡನ್ನು ಪಕ್ಕಪಕ್ಕದಲ್ಲಿಟ್ಟು ಜೋಡಿಸಿದರೆ ವೆರುಕಾನೊ ಜುರಾಸಿಕ್ಕಿಗಿಂತ ಕೆಳಗೆ ಹೋಗುತ್ತದೆ, ಫ್ಲಿಶ್ ಎಲ್ಲಕ್ಕಿಂತ ಮೇಲೆ ಬರುತ್ತದೆ. ಇನ್ನು ವೆರುಕಾನೊ ಹಳೆಯದೋ ತಳದ ಸ್ಫಟಿಕಶಿಲೆ ಹಳೆಯದೋ? ವೆರುಕಾನೊದ ಒರಟಾದ ಪದರಗಳಲ್ಲಿ ಅದಕ್ಕೂ ಮುಂಚಿನ ಬೆಟ್ಟಗಳು ಸವೆದು ಬಂದ ಉರುಟುಕಲ್ಲುಗಳು ಅಡಗಿವೆ. ಗಾರೆಯಲ್ಲಿ ಸಿಕ್ಕ ಇಟ್ಟಿಗೆಯ ಚೂರು ಗಾರೆಗಿಂತ ಹಳೆಯದಾಗಿರಲೇಬೇಕು. ಆದುದರಿಂದ ಅತ್ಯಂತ ಹಳೆಯದು ತಳದ ಸ್ಫಟಿಕಶಿಲೆ. ಎರಡನೆಯದು ಶಿಖರದ ತುದಿಯ ವೆರುಕಾನೊ. ಅತ್ಯಂತ ಹೊಸದು ಇವೆರಡರ ನಡುವೆ ಸಿಕ್ಕಿಕೊಂಡ ಫ್ಲಿಶ್. ತಳದಲ್ಲಿರುವುದೇ ಹಳೆಯದೆಂದವನ ಉತ್ತರ ಇಲ್ಲಿ ಆಕಸ್ಮಿಕವಾಗಿ ಸರಿಯಾಯಿತು. ತುದಿಯಲ್ಲಿರುವುದೇ ಹೊಸದೆಂದು ಅವನು ಮುಂದುವರಿಸಿದ್ದರೆ ಸಿಕ್ಕಿಬೀಳುತ್ತಿದ್ದನು.

ಸ್ತರಗಳಂತೆ ಘಟನೆಗಳನ್ನೂ ಕ್ರಮವಾಗಿ ಜೋಡಿಸಬಹುದು. ಕೊಯ್ದುದು ಕೊಯ್ಯಲ್ಪಟ್ಟುದಕ್ಕಿಂತ ಹೊಸದು ಎಂಬುದೊಂದೇ ಇದಕ್ಕೆ ಸೂತ್ರ. ಗೆರೆಯ ಕೆಳಗೆ ಫ್ಲಿಶ್ ಸಣ್ಣಸಣ್ಣ ಮಡಿಕೆಗಳಾಗಿ ಸುಕ್ಕುಗಟ್ಟಿದೆ. ಗೆರೆಯು ಆ ಸುಕ್ಕುಗಳ ತಲೆಗಳನ್ನು ಸವರಿಕೊಂಡು ನೇರವಾಗಿ ಹೋಗುತ್ತದೆ. ಆದುದರಿಂದ ಸುಕ್ಕು ಮೊದಲು, ಜಾರಿಕೆಯ ಕೊನೆಯ ಚಲನೆ ಆಮೇಲೆ. ಆದರೆ ಗೆರೆಯೂ ಪೂರ್ತಿ ಸಮತಲವಾಗಿಲ್ಲ: ದಕ್ಷಿಣದಲ್ಲಿ ರೈನ್ ಕಣಿವೆಯಿಂದ ಮೇಲೇರಿ, ನಡುವಣ ಶಿಖರಗಳಲ್ಲಿ ಮೂರು ಸಾವಿರ ಮೀಟರಿನ ಆಸುಪಾಸಿಗೆ ತಲುಪಿ, ಉತ್ತರಕ್ಕೆ ಶ್ವಾಂಡೆನ್ನಿನ ಕಣಿವೆಗೆ ಇಳಿಯುತ್ತದೆ. ಜಾರಿದ ಫಲಕವು ಈ ಕಮಾನಿನ ಮೇಲೆ ಹತ್ತಿ ಇಳಿಯಲಿಲ್ಲ. ಜಾರಿಕೆ ಬಹುಮಟ್ಟಿಗೆ ಮುಗಿದ ಮೇಲೆ ತಳವು ಉಬ್ಬಿ ಗೆರೆಯನ್ನು ಬಾಗಿಸಿತು. ಹಿಮನದಿಗಳೂ ತೊರೆಗಳೂ ಕಣಿವೆಗಳನ್ನು ಕೊರೆದದ್ದು ಇದೆಲ್ಲದರ ಅನಂತರ. ಮಾರ್ಟಿನ್ಸ್‌ಲೋಖ್ ರಂಧ್ರ ಆ ಕೆಲಸದ ಒಂದು ತುಣುಕು. ಎಶರ್ ಹೇಳಲು ಅಂಜಿದ ದೂರವನ್ನು ಇಂದು ಕನಿಷ್ಠ 35 ಕಿಲೋಮೀಟರ್ ಎಂದು ಎಣಿಸುತ್ತಾರೆ.

ಗ್ಲಾರಸ್ಸಿನ ಭಾಗ್ಯವೆಂದರೆ ಅಲ್ಲಿ ಪಳೆಯುಳಿಕೆಗಳಿದ್ದವು. ಅವಿಲ್ಲದ ಕಡೆ ಒಂದು ಸ್ತರಮಾಲೆ ನೆಟ್ಟಗಿದೆಯೋ ಬೋರಲಾಗಿದೆಯೋ ಎಂಬುದನ್ನು ಕಲ್ಲಿನ ಒಳರಚನೆಯಿಂದಲೇ ತಿಳಿಯಬೇಕು. ಒಂದು ಪದರದ ತಳದಲ್ಲಿ ದಪ್ಪ ಮರಳು, ಮೇಲಕ್ಕೆ ಹೋದಂತೆ ನಯವಾದ ಮರಳು ಇದ್ದರೆ, ದಪ್ಪಗಿರುವ ಕಡೆ ಹುಟ್ಟಿದಾಗಿನ ಕೆಳಭಾಗ. ಅಲೆಗಳು ಮೂಡಿಸಿದ ಮರಳಿನ ಏಣುಗಳು ಮೊನಚಾಗಿ ಯಾವ ಕಡೆಗೆ ಎದ್ದಿವೆಯೋ ಆ ಕಡೆ ಹುಟ್ಟಿದಾಗಿನ ಮೇಲ್ಭಾಗ. ಸ್ಕಾಟ್ಲೆಂಡಿನಲ್ಲಿ ಎಡ್ವರ್ಡ್ ಬೇಯ್ಲಿ ಇಂಥ ಗುರುತುಗಳನ್ನು ನೋಡಿ, ತಾನು ವರ್ಷಗಳಿಂದ ಸಮರ್ಥಿಸಿದ್ದ ಒಂದು ಸ್ತರಕ್ರಮ ತಲೆಕೆಳಗಾಗಿದೆಯೆಂದು 1930ರಲ್ಲಿ ತಾನೇ ಪ್ರಕಟಿಸಿದನು. ನಮ್ಮ ನಾಡಿನ ಧಾರವಾಡ ಶಿಲೆಗಳಲ್ಲಿಯೂ ಪ್ರಶ್ನೆ ಇದೇ ಬಗೆಯದು, ಅಲ್ಲಿ ಪಳೆಯುಳಿಕೆಗಳ ನೆರವಿಲ್ಲ. ಬಾಬಾಬುಡನ್ ಬೆಟ್ಟಗಳ ಬೆಣಚುಕಲ್ಲಿನ ಪದರಗಳಲ್ಲಿ ಉಳಿದುಬಂದ ಅಲೆಗುರುತುಗಳು ಮೇಲು ಕೆಳಗನ್ನು ತಿಳಿಸುತ್ತವೆ. ಒಂದು ಕಾಲದಲ್ಲಿ ಮೈಸೂರು ಭೂವಿಜ್ಞಾನಿಗಳು ಧಾರವಾಡ ಶಿಲೆಗಳೇ ನಾಡಿನ ಅತಿ ಪ್ರಾಚೀನ ಶಿಲೆಗಳೆಂದೂ ನೈಸ್ ಶಿಲೆಯು ಅವುಗಳೊಳಗೆ ಅನಂತರ ನುಗ್ಗಿದುದೆಂದೂ ತಿಳಿದಿದ್ದರು. ಕೆಲವು ಎಡೆಗಳಲ್ಲಿ ನುಗ್ಗಿರುವುದು ನಿಜ. ಆದರೆ ಕಾಲ್ದುರ್ಗದ ಉರುಟುಕಲ್ಲಿನ ಪದರದೊಳಗೆ ನೈಸ್ ಶಿಲೆಯ ಗುಂಡುಗಳೇ ಇವೆ. ಗಾರೆ ಇಟ್ಟಿಗೆಗಳ ನ್ಯಾಯದಂತೆ ಅಷ್ಟು ನೈಸ್ ಆದರೂ ಅದಕ್ಕಿಂತ ಹಳೆಯದೆನ್ನಬೇಕಾಗುತ್ತದೆ. ನೈಸ್ ಎಂಬ ಒಂದೇ ಹೆಸರಿನಡಿಯಲ್ಲಿ ಬೇರೆಬೇರೆ ವಯಸ್ಸಿನ ಶಿಲೆಗಳು ಸೇರಿಹೋಗಿದ್ದವೆಂಬುದು ವಿಕಿರಣಕ್ರಿಯೆಯಿಂದ ವಯಸ್ಸನ್ನಳೆಯುವ ವಿಧಾನ ಬಂದ ಮೇಲೆ ದೃಢಪಟ್ಟಿತು.

ಬೆರ್ತ್ರಾಂನ ಲೇಖನ ಹೈಮನನ್ನು ಒಡನೆಯೇ ಬದಲಾಯಿಸಲಿಲ್ಲ. ಜೋಡಿಮಡಿಕೆ ಅವನ ಗುರುವಿನ ಸೊತ್ತು, ಅವನ ಯೌವನದ ದುಡಿಮೆ. ಅದನ್ನು ಸಮರ್ಥಿಸುತ್ತ ಅವನು ಇನ್ನೂ ಹದಿನೆಂಟು ವರ್ಷ ಕಳೆದನು. ಆ ಅವಧಿಯಲ್ಲಿ ಸ್ಕಾಟ್ಲೆಂಡಿನ ಉತ್ತರದಲ್ಲಿಯೂ, ಆಲ್ಪ್ಸ್ ಪರ್ವತದ ಪಶ್ಚಿಮದಲ್ಲಿಯೂ ಒಂದಾದ ಮೇಲೊಂದರಂತೆ ಮೇಲ್ಜಾರಿಕೆಗಳು ಕಂಡುಬಂದವು. ಲೌಸಾನಿನ ಮೋರಿಸ್ ಲುಜೋಂ ಅವನ್ನೆಲ್ಲ ಒಂದು ಸೂತ್ರಕ್ಕೆ ತಂದ ಮೇಲೆ, 1902ರಲ್ಲಿ, ಐವತ್ತು ದಾಟಿದ ಹೈಮ್ ಲುಜೋಂಗೆ ಬರೆದ ಪತ್ರದಲ್ಲಿ ತನ್ನ ಜೋಡಿಮಡಿಕೆಯನ್ನು ಬಿಟ್ಟುಕೊಟ್ಟು ಒಂದೇ ಫಲಕವನ್ನು ಒಪ್ಪಿದನು. ಅವನನ್ನು ಹಟಮಾರಿಯೆಂದು ಬರೆಯುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಕಂಡುದನ್ನು ಕಂಡಂತೆಯೇ ಅವನು ಗುರುತಿಸಿದ್ದರಿಂದಲೇ, ಗ್ಲಾರಸ್ಸಿಗೆ ಕಾಲಿಡದ ಬೆರ್ತ್ರಾಂ ಅವನ ಚಿತ್ರದಿಂದಲೇ ಅವನನ್ನು ತಿದ್ದಲು ಸಾಧ್ಯವಾಯಿತು.

ಎಶರನನ್ನು ಕಾಡಿದ ಶಂಕೆ ಮಾತ್ರ ಪೂರ್ತಿ ಪರಿಹಾರವಾಗಿಲ್ಲ. ಕಿಲೋಮೀಟರುಗಟ್ಟಲೆ ದಪ್ಪದ ಕಲ್ಲಿನ ಫಲಕವು ಪುಡಿಯಾಗದೆ ಅಷ್ಟು ದೂರ ಜಾರಿದ್ದು ಹೇಗೆ? ಹೈಮನು ಬೋರಲಾದ ಪಕ್ಕವೆಂದು ಭಾವಿಸಿದ್ದ ಲೋಖ್‌ಸೈಟೆಯ ಸುಣ್ಣಕಲ್ಲಿನ ಪಟ್ಟಿಯ ಮೇಲೆಯೇ ಈಗ ಎಲ್ಲರ ಕಣ್ಣು. ಸೂಕ್ಷ್ಮದರ್ಶಕದಲ್ಲಿ ಅದರ ಕಣಗಳು ಅತ್ಯಂತ ನಯವಾಗಿ ಕಾಣುತ್ತವೆ. ಬಿಸಿಯೂ ಒತ್ತಡವೂ ಇದ್ದ ಆಳದಲ್ಲಿ ಆ ಸುಣ್ಣಕಲ್ಲು ಜಿಡ್ಡಿನಂತೆ ಹರಿದು ಮೇಲಿನ ಫಲಕಕ್ಕೆ ದಾರಿಮಾಡಿಕೊಟ್ಟಿತೆಂದು 1970ರ ದಶಕದಲ್ಲಿ ವಾದಿಸಲಾಯಿತು. ಒತ್ತಡಕ್ಕೆ ಸಿಕ್ಕಿದ ನೀರು ಫಲಕವನ್ನು ಆಗಾಗ ಎತ್ತಿಹಿಡಿಯಿತೆಂದು ಬೇರೆ ಕೆಲವರು ಹೇಳುತ್ತಾರೆ. ಈ ಪ್ರದೇಶವನ್ನು 2008ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಶ್ವಾಂಡೆನ್ನಿನ ಆ ಬಂಡೆಯ ಮುಂದೆ ನಿಂತು ನೋಡಿದರೆ ಸುಣ್ಣಕಲ್ಲಿನ ಪಟ್ಟಿಯ ನಡುವೆ, ದಾರದಷ್ಟು ತೆಳುವಾದ, ಅಳತೆಗೋಲಿನಿಂದ ಎಳೆದಂತಿರುವ ಒಂದು ಕಪ್ಪು ಗೀರು ಕಾಣುತ್ತದೆ. ಆ ಗೀರು ಪಟ್ಟಿಯ ಸುತ್ತುಸುರುಳಿಗಳನ್ನೆಲ್ಲ ಕೊಯ್ದುಕೊಂಡು ಹೋಗಿದೆ. ಆದುದರಿಂದ ಪಟ್ಟಿಯು ಹರಿದದ್ದು ಮೊದಲು, ಗೀರು ಬಿದ್ದದ್ದು ಆಮೇಲೆ.